ಆರು ಗಂಟೆ ಕಳೆದ ಮೇಲೆ ಯಾರು?

ದಾವಣಗೆರೆಯಲ್ಲೊಂದು ವಿದ್ಯಾನಗರವಿದೆ, ಹರಿಹರದಲ್ಲೊಂದು ವಿದ್ಯಾನಗರವಿದೆ. ಎರಡಕ್ಕೂ ಕರೆಂಟ್ ಕೊಡುವುದು ಬೆಸ್ಕಾಂ. ಕರೆಂಟ್ ಹೋದರೆ ಎರಡೂ ಕಡೆಯವರು ಒತ್ತುವ ಸಂಖ್ಯೆ 1912. ಏಪ್ರಿಲ್-ಮೇ ತಿಂಗಳ ಮೊದಲ ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದಾಗ ಈ ಸಂಖ್ಯೆಗೆ ಹೋಗುವ ದೂರಿನ ಗತಿ ಏನಾಗಬೇಕು ಎಂದು ಬರೆದಿಟ್ಟ ನಿಯಮಗಳಿವೆ. ಆ ನಿಯಮಗಳನ್ನು ಒಂದು ಕೃತಿಯಂತೆ ಓದಿ ತೂಗಿ ನೋಡುವ ಪ್ರಯತ್ನ ಇದು. ಲೈನ್‌ಮನ್‌ಗಳ ದುಡಿಮೆಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ನಿಯಮದ ಕಟ್ಟಡದ ಬಗ್ಗೆ.

ಕಟ್ಟಡದ ಬುನಾದಿ ಗಟ್ಟಿಯಾಗಿಯೇ ಇದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಂ, ಸೇವೆ ಇಷ್ಟು ಮಟ್ಟದ್ದಿರಬೇಕು, ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಎನ್ನುತ್ತದೆ. ಅದರಡಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗಡುವುಗಳನ್ನು ಹಾಕಿತು. ಫ್ಯೂಸ್ ಹೋಗಿದ್ದರೆ ನಗರದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆ. ಟಿಸಿ ಸುಟ್ಟಿದ್ದರೆ ನಗರದಲ್ಲಿ 24, ಹಳ್ಳಿಯಲ್ಲಿ 72. ಕೆಲಸ ಆಗದಿದ್ದರೆ ಅದೇ ಕಾಯ್ದೆಯ 42ನೇ ಕಲಂ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬಹುದು, ಅಲ್ಲೂ ಸಮಾಧಾನವಾಗದಿದ್ದರೆ ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್ ಇದ್ದಾರೆ. ಕೇಂದ್ರ ಸರ್ಕಾರ 2020ರಲ್ಲಿ ತಂದ ಗ್ರಾಹಕ ಹಕ್ಕುಗಳ ನಿಯಮ, ಕುಂದುಕೊರತೆ ತೀರಿಸಲು ಹೆಚ್ಚೆಂದರೆ 45 ದಿನ ಎಂದು ಮಿತಿ ಹಾಕಿದೆ.

ಈಗ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ 6 ಗಂಟೆ, ಇನ್ನೊಂದು ಕಡೆ 45 ದಿನ. ಏಳನೇ ಗಂಟೆಗೆ ಆ ದೂರು ಯಾರ ಮುಂದೆ ಹೋಗಿ ನಿಲ್ಲಬೇಕು? ಸೆಕ್ಷನ್ ಆಫೀಸಿನ ಜೆಇ ಮೇಲೆ ಉಪವಿಭಾಗದ ಎಇಇ ಇದ್ದಾರೆ, ಅವರ ಮೇಲೆ ವಿಭಾಗದ ಇಇ, ವೃತ್ತದ ಎಸ್‌ಇ. ಮೆಟ್ಟಿಲುಗಳೇನೋ ಇವೆ. ಆದರೆ ಮೇಲೆ ಹೇಳಿದ ಗಡುವು, ಪರಿಹಾರ, ವೇದಿಕೆ ಈ ಮೂರರಲ್ಲಿ ಯಾವುದೂ ದೂರನ್ನು ತಾನಾಗಿ ಒಂದು ಮೆಟ್ಟಿಲು ಏರಿಸುವುದಿಲ್ಲ. ಗಡುವು ಮೀರಿತು ಎಂಬುದನ್ನು ನೆನಪಿಟ್ಟುಕೊಂಡು, ಡಾಕೆಟ್ ನಂಬರ್ ಹಿಡಿದು, ಮತ್ತೆ ಹೊರಡಬೇಕಾದವನು ಕತ್ತಲಲ್ಲಿ ಕೂತವನೇ.

ರಿಸರ್ವ್ ಬ್ಯಾಂಕಿನ ಒಂದು ನಿಯಮದ ಪಕ್ಕದಲ್ಲಿ ಇಟ್ಟರೆ ಈ ಕೊರತೆ ಸ್ಪಷ್ಟವಾಗುತ್ತದೆ. ಎಟಿಎಂನಲ್ಲಿ ಹಣ ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾದರೆ, ಆ ದಿನದ ನಂತರದ 5 ದಿನದೊಳಗೆ ಬ್ಯಾಂಕು ಅದನ್ನು ಹಿಂತಿರುಗಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು, ಅದನ್ನೂ ಗ್ರಾಹಕ ಕೇಳುವವರೆಗೆ ಕಾಯದೆ ತಾನಾಗಿ ಜಮೆ ಮಾಡಬೇಕು. 2019ರ ಸೆಪ್ಟೆಂಬರ್ ಸುತ್ತೋಲೆ ಇದು. ನಮ್ಮದೇ ಸಕಾಲದಲ್ಲಿ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವಿದೆ, ಆದರೆ ಅರ್ಜಿದಾರ ಮೇಲ್ಮನವಿ ಹಾಕಿ ಕೇಳಬೇಕು. ಎರಡರಲ್ಲೂ ಗಡುವಿದೆ, ದಂಡವಿದೆ. ಮೊದಲನೆಯದರಲ್ಲಿ ಮಾತ್ರ ಗಡಿಯಾರ ತಾನೇ ಮಾತಾಡುತ್ತದೆ. ವಿದ್ಯುತ್ ಕ್ಷೇತ್ರಕ್ಕೂ ಇದು ಹೊಸ ವಿಚಾರವಲ್ಲ. ದೂರದಿಂದಲೇ ಅಳೆಯಬಹುದಾದ ಸೇವೆಗಳಲ್ಲಿ ಪರಿಹಾರ ಸ್ವಯಂಚಾಲಿತವಾಗಿರಲಿ ಎಂದು 2020ರ ನಿಯಮವೇ ಹೇಳಿದೆ. ಆದರೆ ಅದು ದುಡ್ಡಿನ ಮಾತು. ರಾತ್ರಿ ಒಂಬತ್ತಕ್ಕೆ ಬೇಕಾಗುವುದು ದುಡ್ಡಲ್ಲ, ಮನುಷ್ಯ.

ಯಾವ ಮನುಷ್ಯ ಎಂಬಲ್ಲಿಗೆ ಬಂದಾಗ ವಿಷಯ ಜಟಿಲವಾಗುತ್ತದೆ. ಗಾಳಿಮಳೆಯ ಒಂದು ಸಂಜೆಯನ್ನು ಊಹಿಸಿಕೊಳ್ಳೋಣ. ಸಮಯ 7.40. ವಿದ್ಯಾನಗರದ ಒಂದು ಕ್ರಾಸ್‌ನಲ್ಲಿ ಎಲ್‌ಟಿ ಲೈನಿನ ಒಂದು ತಂತಿ ತುಂಡಾಗಿ ರಸ್ತೆ ಬದಿಗೆ ಬಿದ್ದಿದೆ. ನಾಲ್ಕು ಮನೆಗಳಿಗೆ ಕರೆಂಟಿಲ್ಲ, ಉಳಿದವಕ್ಕೆ ಇದೆ. ಯಾರೋ 1912ಕ್ಕೆ ಹೇಳುತ್ತಾರೆ: ‘ಲೈನ್ ಕಟ್ಟಾಗಿದೆ, ಬೇಗ ಬರ್ರಿ.’ ದೂರು ದಾಖಲಾಗುತ್ತದೆ. ನಗರದ ಅದೇ 6 ಗಂಟೆಯ ಗಡುವಿನ ಲೆಕ್ಕದಲ್ಲಿ ಮಧ್ಯರಾತ್ರಿ 1.40ರವರೆಗೂ ಯಾರೂ ತಪ್ಪಿತಸ್ಥರಲ್ಲ.

ತಂತಿ ಬಿದ್ದ ಕೂಡಲೇ ಫ್ಯೂಸ್ ಹಾರಿ ಕರೆಂಟ್ ನಿಲ್ಲುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಲೆಕ್ಕ ಹಾಕಿ ನೋಡಿದರೆ ಹಾಗಾಗುವುದು ಅನುಮಾನ. 100 ಕೆವಿಎ ಟಿಸಿಯ ಎಲ್‌ಟಿ ಕಡೆಯ ಪೂರ್ಣ ಹೊರೆ ಸುಮಾರು 135 ಆಂಪಿಯರ್. ಅಲ್ಲಿನ ಫ್ಯೂಸ್ ಆ ಅಂದಾಜಿಗೆ ಹಾಕಿದ್ದು. ಬಿದ್ದ ತಂತಿಯಿಂದ ನೆಲಕ್ಕೆ 100 ಓಮ್ ತಡೆ ಇದೆ ಎಂದಿಟ್ಟುಕೊಳ್ಳಿ. ಡಾಂಬರು, ಕಲ್ಲುನೆಲದಲ್ಲಿ ಇನ್ನೂ ಹೆಚ್ಚೇ ಇದ್ದೀತು. 230 ವೋಲ್ಟಿಗೆ ಹರಿಯುವುದು ಬರೀ 2.3 ಆಂಪಿಯರ್, ಒಂದು ಇಸ್ತ್ರಿಪೆಟ್ಟಿಗೆ ಎಳೆಯುವುದಕ್ಕಿಂತ ಕಡಿಮೆ. ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಮನುಷ್ಯನ ಎದೆ ಹಾದು ಹೋದರೆ ಅದರ ಸುಮಾರು ಇಪ್ಪತ್ತರಲ್ಲೊಂದು ಪಾಲು, 0.1 ಆಂಪಿಯರ್, ಪ್ರಾಣ ತೆಗೆಯಲು ಸಾಕು. ಎಲ್‌ಟಿ ಬದಿಯ ಈ ಸಣ್ಣ ಹರಿವು ಸಬ್‌ಸ್ಟೇಷನ್ನಿನ ಮೀಟರಿನಲ್ಲೂ ಕಾಣುವುದಿಲ್ಲ. ಅಂದರೆ ಆ ತಂತಿಯಲ್ಲಿ ಕರೆಂಟ್ ಇದೆ ಎಂಬುದಕ್ಕೆ ಇಡೀ ವ್ಯವಸ್ಥೆಯಲ್ಲಿರುವ ಸುಳಿವು ಒಂದೇ, 1912ಕ್ಕೆ ಬಂದ ಆ ಒಂದು ಕರೆ.

ಇಂಥ ಕರೆಗೂ ‘ಒಂದು ಮನೆಯ ಫ್ಯೂಸ್ ಹೋಗಿದೆ’ ಎಂಬ ಕರೆಗೂ ಒಂದೇ ಗಡಿಯಾರ ಹಿಡಿಯುವುದು ನಿಯಮದ ಮೊದಲ ದೋಷ. ಕೆಲಸ ಮುಗಿಸುವ ಗಡುವೊಂದನ್ನೇ ಇಟ್ಟು, ‘ನೋಡಿದೆ, ಹೊರಟೆ’ ಎಂದು ಹೇಳುವ ಗಡುವನ್ನು ಇಡದಿರುವುದು ಎರಡನೆಯದು. ಕಂಬ ಬದಲಿಸಲು 6 ಗಂಟೆ ಬೇಕಾಗಬಹುದು, ಒಪ್ಪೋಣ. ‘ಹೊರಟೆ’ ಎನ್ನಲು 10 ನಿಮಿಷ ಸಾಕು. ಆ 10 ನಿಮಿಷ ಸುಮ್ಮನೆ ಕಳೆದರೆ ದೂರು ಜಾಗ ಬದಲಿಸಬೇಕು. ಆರನೇ ಗಂಟೆಯಲ್ಲಿ ಎಚ್ಚರಿಸಿದರೆ ಎಚ್ಚರಗೊಳ್ಳುವ ಅಧಿಕಾರಿಗೆ ಮಾಡಲು ಉಳಿದಿರುವುದು ವಿವರಣೆ ಬರೆಯುವ ಕೆಲಸ ಮಾತ್ರ.

ಎಲ್ಲಿಗೆ ಹೋಗಬೇಕು? ಮೇಲಕ್ಕೆ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಪೂರ್ತಿ ಸರಿಯಲ್ಲ. ಗಾಳಿಮಳೆಯ ರಾತ್ರಿ ಪಾಳಿಯ ಲೈನ್‌ಮನ್ ಉತ್ತರಿಸುತ್ತಿಲ್ಲ ಎಂದರೆ ಬಹುಪಾಲು ಆತ ಇನ್ನೊಂದು ಕಂಬದ ಮೇಲಿದ್ದಾನೆ. ಅಲ್ಲಿ ಫೋನ್ ಎತ್ತಲೇಬಾರದು. ಎಇಇಗೆ ಸಂದೇಶ ಹೋಗುವುದು ಸರಿ, ಆದರೆ ಅವರು ಬಂದು ಫ್ಯೂಸ್ ಕೀಳುವುದಿಲ್ಲ. ಅವರ ಕೈಲಾಗುವುದು ಪಕ್ಕದ ಸೆಕ್ಷನ್ನಿನ ಗ್ಯಾಂಗನ್ನು ಈ ಕಡೆ ಕಳಿಸುವುದು. ಹಾಗಾಗಿ ಮೊದಲ ಏಣಿ ಅಡ್ಡಡ್ಡ ಇರಬೇಕು, ಈ ಲೈನ್‌ಮನ್‌ನಿಂದ ಪಕ್ಕದ ಪಾಳಿಯವನಿಗೆ. ಅದೂ ಆಗದಾಗ ಗ್ಯಾಂಗ್ ಹೊರಡಿಸುವ ಅಧಿಕಾರ ಇರುವವರಿಗೆ.

ತಂತಿ ಬಿದ್ದ ದೂರಿಗೆ ಇಷ್ಟೂ ಸಾಲದು. ಸಬ್‌ಸ್ಟೇಷನ್ ಆಪರೇಟರ್ 11 ಕೆವಿ ಫೀಡರನ್ನು ಕ್ಷಣದಲ್ಲಿ ನಿಲ್ಲಿಸಬಲ್ಲ. ಲೈನ್‌ಮನ್ ಎಲ್‌ಸಿ ಕೇಳಿದಾಗ ದಿನವೂ ಮಾಡುವ ಕೆಲಸವೇ ಅದು. ನನ್ನ ಪ್ರಕಾರ ನಿಯಮ ಹೀಗಿರಬೇಕು: ತಂತಿ ಬಿದ್ದಿದೆ ಎಂದು ಎರಡು ಬೇರೆ ಬೇರೆ ಆರ್‌ಆರ್ ನಂಬರಿನವರು ಹೇಳಿದರು, 10 ನಿಮಿಷದಲ್ಲಿ ಯಾರೂ ‘ಹೊರಟೆ’ ಎನ್ನಲಿಲ್ಲ ಎಂದಾದರೆ, ಯಾರ ಅನುಮತಿಗೂ ಕಾಯದೆ ಫೀಡರ್ ನಿಲ್ಲಬೇಕು. ಲೈನ್‌ಮನ್ ಟಿಸಿ ತಲುಪಿ ಅಲ್ಲಿನ ಫ್ಯೂಸ್ ಕಿತ್ತ ಮೇಲೆ ಫೀಡರನ್ನು ಮತ್ತೆ ಹಾಕಿದರಾಯಿತು. ಇದಕ್ಕೆ ಬೆಲೆಯಿದೆ. ನಾಲ್ಕು ಮನೆಯ ತೊಂದರೆಗೆ ನೂರಾರು ಮನೆ ಕತ್ತಲಾಗುತ್ತವೆ, ಅದೇ ಫೀಡರಿನಲ್ಲಿ ನರ್ಸಿಂಗ್ ಹೋಂ ಇರಬಹುದು, ಸುಳ್ಳು ಕರೆಯೂ ಬಂದೀತು. ಎರಡು ಆರ್‌ಆರ್ ನಂಬರಿನ ಷರತ್ತು ಸುಳ್ಳನ್ನು ಸಾಕಷ್ಟು ಸೋಸುತ್ತದೆ. ಉಳಿದ ತೊಂದರೆಯನ್ನು ಒಂದು ಜೀವದ ಎದುರು ತೂಗಿದರೆ ನನಗೆ ಅದು ಭಾರ ಅನ್ನಿಸುವುದಿಲ್ಲ. ಒಪ್ಪದ ಇಂಜಿನಿಯರುಗಳಿರುತ್ತಾರೆ, ಅವರ ಕಾರಣಗಳೂ ಹುಸಿಯಲ್ಲ.

ವಿದ್ಯಾನಗರ ಎಂಬ ಹೆಸರಿಗೇ ಮರಳಿದರೆ ಇನ್ನೊಂದು ತೊಡಕು ಸಿಗುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರಿಗೆ, ಪಿಜಿಯಲ್ಲಿರುವ ಹುಡುಗರಿಗೆ ಆರ್‌ಆರ್ ನಂಬರ್ ಗೊತ್ತಿರುವುದಿಲ್ಲ. ‘ವಿದ್ಯಾನಗರ, ಗಣಪತಿ ಗುಡಿ ಹಿಂದೆ’ ಎನ್ನುತ್ತಾರೆ. ಹರಿಹರದ ದೂರು ದಾವಣಗೆರೆಯ ಸೆಕ್ಷನ್ನಿಗೆ ಹೋಗಿ ಕೂರಬಹುದು. ಅಲ್ಲಿನವರು ನೋಡಿ, ನಮ್ಮದಲ್ಲ ಎಂದು ಬಿಡುತ್ತಾರೆ. ಗಡಿಯಾರ ಓಡುತ್ತಲೇ ಇರುತ್ತದೆ, ಓಡುತ್ತಿರುವುದು ಮಾತ್ರ ತಪ್ಪು ಮೇಜಿನ ಮೇಲೆ. ಇಲ್ಲಿ ಗಡುವಿಗೆ ಕಾಯುವುದೇ ದಡ್ಡತನ. ‘ನಮ್ಮದಲ್ಲ’ ಎಂಬುದೂ ಒಂದು ಉತ್ತರವೆಂದು ದಾಖಲಾಗಿ, ದೂರು ಆ ಕ್ಷಣವೇ ಕಾಲ್ ಸೆಂಟರಿಗೆ ಹಿಂತಿರುಗಿ, ದೂರುದಾರನಿಗೆ ಮರುಕರೆ ಹೋಗಬೇಕು. ಇದಕ್ಕಿಂತ ಸುಲಭದ ದಾರಿಯೂ ಉಂಟು: ಟಿಸಿ ಕಂಬದ ಮೇಲಿನ ನಂಬರನ್ನು ಓದಿ ಹೇಳಲು ಜನರಿಗೆ ಕಲಿಸುವುದು.

ಬರೆದ ನಿಯಮ ಬಿಟ್ಟ ಜಾಗವನ್ನು ಬರೆಯದ ನಿಯಮ ತುಂಬಿಕೊಂಡಿದೆ. ನಮ್ಮ ಕಡೆ ತುಸು ಹಳಬರ ಫೋನಿನಲ್ಲೆಲ್ಲ ಲೈನ್‌ಮನ್ ನಂಬರ್ ಇರುತ್ತದೆ. ಆತ ಎತ್ತದಿದ್ದರೆ ಕಾರ್ಪೊರೇಟರ್, ಅಲ್ಲಿಗೂ ಆಗದಿದ್ದರೆ ಶಾಸಕರ ಪಿಎ. ಏರಿಯಾದ ವಾಟ್ಸಾಪ್ ಗುಂಪಿನಲ್ಲಿ ‘ಯಾರಾದ್ರೂ ಫೋನ್ ಮಾಡ್ರಿ’ ಎಂಬ ಸಂದೇಶಕ್ಕೆ ‘ಮಾಡೀನಿ’ ಎಂಬ ಉತ್ತರ ಬಂದರೆ ಕೆಲಸ ಅರ್ಧ ಆದಂತೆ. ಇದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಪರಿಚಯ ಇದ್ದವನ ದೂರು ಏರುತ್ತದೆ, ಇಲ್ಲದವನದು ಕೂರುತ್ತದೆ. ಕಂಬದ ಮೇಲಿದ್ದವನ ಜೇಬಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುವುದು ಬೇರೆ.

ದೂರುಗಳು ತಾವಾಗಿ ಏರುವಂತೆ ಮಾಡಿದರೆ ಇನ್ನೊಂದು ಅಪಾಯ ಕಾದಿದೆ, ಅದನ್ನು ಮರೆಮಾಚುವಂತಿಲ್ಲ. ಒಂದು ಫೀಡರ್ ಬಿದ್ದರೆ ಒಂದೇ ದೂರು 400 ಬಾಯಿಂದ ಬರುತ್ತದೆ. 400 ಸಂದೇಶ ಎಇಇ ಫೋನಿಗೆ ಏರಿದರೆ ಅವರು ಮೊದಲು ಮಾಡುವುದು ಫೋನಿನ ಸದ್ದು ನಿಲ್ಲಿಸುವುದು. ಆದ್ದರಿಂದ ಒಂದೇ ಟಿಸಿ, ಒಂದೇ ಫೀಡರಿನ ದೂರುಗಳನ್ನು ಒಂದು ಕಟ್ಟು ಮಾಡಿ, ಆ ಕಟ್ಟು ಮಾತ್ರ ಏರಬೇಕು. ತಂತಿ ಬಿದ್ದ ದೂರನ್ನು ಮಾತ್ರ ಯಾವ ಕಟ್ಟಿಗೂ ಸೇರಿಸಬಾರದು. ಗುಂಪಿನಲ್ಲಿ ಅದು ಕಳೆದುಹೋದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ಕಟ್ಟು ಕಟ್ಟಿದ ಮೇಲೆ ಬಿಚ್ಚುವುದೂ ಗೊತ್ತಿರಬೇಕು. ಫೀಡರ್ ಬಂತು, ಕಟ್ಟಿನಲ್ಲಿದ್ದ 400 ದೂರುಗಳೂ ಒಟ್ಟಿಗೆ ಮುಚ್ಚಿದವು ಎನ್ನಿ. ಅದೇ ಗಾಳಿಗೆ ಒಂದು ಮನೆಯ ಸರ್ವಿಸ್ ವೈರಿನ ಜಂಪರ್ ಕಂಬದ ಹತ್ತಿರ ಕಳಚಿದೆ. ಬೀದಿಯೆಲ್ಲ ಬೆಳಗುತ್ತಿದೆ, ಆ ಮನೆ ಮಾತ್ರ ಇಲ್ಲ. ಅವರು ಮತ್ತೆ 1912ಕ್ಕೆ ಹೇಳಿದರೆ ಹೊಸ ಡಾಕೆಟ್, ಹೊಸ 6 ಗಂಟೆ. 7.40ರಿಂದ ಕಾದವರ ಸರದಿ ರಾತ್ರಿ 11ಕ್ಕೆ ಮೊದಲಿನಿಂದ ಶುರುವಾಗುತ್ತದೆ. ಮುಚ್ಚಿದ ದೂರನ್ನು ಗ್ರಾಹಕ ಅದೇ ರಾತ್ರಿ ‘ನಮಗಿನ್ನೂ ಬಂದಿಲ್ಲ’ ಎಂದು ತೆರೆಸಿದರೆ ಹಳೆಯ ಡಾಕೆಟ್ ನಂಬರೇ ಮುಂದುವರಿಯಬೇಕು, ಗಡಿಯಾರ 7.40ರಿಂದಲೇ ಎಣಿಸಬೇಕು, ಮತ್ತು ದೂರು ಹೋಗಬೇಕಾದದ್ದು ಅದನ್ನು ಮುಚ್ಚಿದವರ ಮೇಜಿಗಲ್ಲ, ಅವರ ಮೇಲಿನವರ ಮೇಜಿಗೆ.