ಎರಡು ಚಿತ್ರಗಳ ನಡುವೆ ಕಳೆದುಹೋದ ಗೆರೆ

ವೆಬ್ ಅಪ್ಲಿಕೇಶನ್ ಒಂದರ ವಿನ್ಯಾಸದ ದಾಖಲೆ ತೆರೆದರೆ ಬಹುತೇಕ ಒಂದೇ ಚಿತ್ರ ಕಣ್ಣಿಗೆ ಬೀಳುತ್ತದೆ. ಎಡಕ್ಕೆ ಬ್ರೌಸರ್, ಮಧ್ಯದಲ್ಲಿ 'ಸರ್ವರ್' ಎಂದು ಬರೆದ ಚೌಕ, ಬಲಕ್ಕೆ ಸಿಲಿಂಡರಿನ ಆಕಾರದ ಡೇಟಾಬೇಸ್, ನಡುನಡುವೆ ಬಾಣಗಳು. ಒಬ್ಬರು ಅದಕ್ಕೆ ಕಾಂಪೊನೆಂಟ್ ಡಯಾಗ್ರಾಂ ಎಂದು ತಲೆಬರಹ ಕೊಟ್ಟರೆ ಇನ್ನೊಬ್ಬರು ಡಿಪ್ಲಾಯ್‌ಮೆಂಟ್ ಡಯಾಗ್ರಾಂ ಎನ್ನುತ್ತಾರೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಂತೂ ಎರಡು ತಲೆಬರಹಗಳ ಕೆಳಗೆ ಹೆಚ್ಚುಕಡಿಮೆ ಅದೇ ಚಿತ್ರ ಬಂದಿರುವುದುಂಟು. ಬಿಡಿಸಿದವರ ಉದಾಸೀನ ಎಂದು ಇದನ್ನು ತಳ್ಳಿಹಾಕಿಬಿಡಬಹುದು. ಆದರೆ ಈ ಗೊಂದಲದ ಬೇರು ಯುಎಂಎಲ್ ಪರಂಪರೆಯ ಒಳಗೇ ಇದೆ. ಪರಂಪರೆ ಮೊದಲು ಎರಡನ್ನೂ ಬೆರೆಸಿತು, ಆಮೇಲೆ ಸರಿಯಾಗಿಯೇ ಬೇರ್ಪಡಿಸಿತು. ಬೇರ್ಪಡಿಸಿದ ಮೇಲೆ ಎರಡನ್ನೂ ಜೋಡಿಸುವ ಗೆರೆಯನ್ನು ಎಳೆಯುವ ರೂಢಿ ಮಾತ್ರ ಬೆಳೆಯಲಿಲ್ಲ.

ಗ್ರೇಡಿ ಬೂಚ್ ಅವರ ಹಳೆಯ ಪದ್ಧತಿಯಲ್ಲಿ ಮಾಡ್ಯೂಲ್‌ಗಳಿಗೆ ಒಂದು ಚಿತ್ರ, ಪ್ರೊಸೆಸರ್ ಮತ್ತು ಸಾಧನಗಳಿಗೆ ಇನ್ನೊಂದು ಚಿತ್ರ ಇತ್ತು. ಫಿಲಿಪ್ ಕ್ರುಕ್ಟನ್ 1995ರಲ್ಲಿ ಮಂಡಿಸಿದ '4+1' ನೋಟಗಳಲ್ಲೂ ಕೋಡಿನ ಜೋಡಣೆಯ ನೋಟ ಬೇರೆ, ಯಂತ್ರಗಳ ನೋಟ ಬೇರೆ. ಹೀಗಿರುವಾಗ 1997ರಲ್ಲಿ ಒಎಂಜಿ ಸಂಸ್ಥೆ ಒಪ್ಪಿಕೊಂಡ ಯುಎಂಎಲ್ 1.1ರಲ್ಲಿ ಕಾಂಪೊನೆಂಟ್ ಎಂದರೆ ಭೌತಿಕ ವಸ್ತುವೇ ಆಯಿತು: ಎಕ್ಸಿಕ್ಯೂಟಬಲ್, ಲೈಬ್ರರಿ, ಫೈಲು, ಡೇಟಾಬೇಸಿನ ಟೇಬಲ್ಲು ಎಲ್ಲವೂ ಕಾಂಪೊನೆಂಟೇ. ಅದನ್ನು ನೇರವಾಗಿ ಸರ್ವರಿನ ನೋಡ್ ಒಳಗೆ ಇಟ್ಟು ಬಿಡಿಸುತ್ತಿದ್ದರು. ಅಂದಮೇಲೆ ಎರಡು ಚಿತ್ರಗಳೂ ಒಂದೇ ಆಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. 2005ರ ಯುಎಂಎಲ್ 2.0 ಇದನ್ನು ತಿದ್ದಿತು. ಕಾಂಪೊನೆಂಟ್ ಎಂದರೆ ಇನ್ನು ಮುಂದೆ ಫೈಲಲ್ಲ. ಸ್ಪಷ್ಟವಾದ ಇಂಟರ್‌ಫೇಸ್‌ಗಳಿರುವ, ಅದೇ ಇಂಟರ್‌ಫೇಸ್ ಇರುವ ಇನ್ನೊಂದನ್ನು ತಂದು ಬದಲಿಸಬಹುದಾದ ಒಂದು ಭಾಗ. ಫೈಲಿಗೆ ಆರ್ಟಿಫ್ಯಾಕ್ಟ್ ಎಂಬ ಬೇರೆ ಹೆಸರು ಬಂತು. ಸರ್ವರಿನ ಮೇಲೆ ಕೂರುವುದು ಆರ್ಟಿಫ್ಯಾಕ್ಟ್ ಮಾತ್ರ. ಯಾವ ಆರ್ಟಿಫ್ಯಾಕ್ಟ್ ಒಳಗೆ ಯಾವ ಕಾಂಪೊನೆಂಟ್ ಇದೆ ಎಂದು ತೋರಿಸಲು «manifest» ಎಂದು ಬರೆದ ಚುಕ್ಕೆಗೆರೆಯ ಬಾಣವಿದೆ. ಇಡೀ ತಿದ್ದುಪಡಿಯ ಜೀವ ಇರುವುದು ಆ ಬಾಣದಲ್ಲಿ. ಜನ ಬಿಡಿಸದೆ ಬಿಟ್ಟದ್ದೂ ಅದನ್ನೇ.

ಹೀಗೆ ಬಿಟ್ಟದ್ದರ ಬೆಲೆ ಏನೆಂದು ತಿಳಿಯಲು ಒಂದು ಸಣ್ಣ ಉದಾಹರಣೆಯನ್ನು ಕೊನೆತನಕ ನಡೆಸಿ ನೋಡೋಣ. ಪುಸ್ತಕ ಮಾರುವ ಒಂದು ಜಾಲತಾಣವಿದೆ ಎಂದುಕೊಳ್ಳಿ. ಜಾವಾದಲ್ಲಿ ಬರೆದದ್ದು, `shop.war` ಎಂಬ ಒಂದೇ ಫೈಲಾಗಿ ಟಾಮ್‌ಕ್ಯಾಟ್ ಮೇಲೆ ಓಡುತ್ತದೆ. ಅದರ ಒಳಗೆ ಮೂರು ಕಾಂಪೊನೆಂಟ್: ಪುಸ್ತಕಗಳ ಪಟ್ಟಿ ನೋಡಿಕೊಳ್ಳುವುದು, ಬುಟ್ಟಿ ಮತ್ತು ಆರ್ಡರ್ ನೋಡಿಕೊಳ್ಳುವುದು, ಹೊರಗಿನ ಪೇಮೆಂಟ್ ಗೇಟ್‌ವೇ ಜೊತೆ ಮಾತಾಡುವುದು. ಕಾಂಪೊನೆಂಟ್ ಡಯಾಗ್ರಾಂನಲ್ಲಿ ಪೇಮೆಂಟ್ ಭಾಗದ ಅಂಚಿನಿಂದ ಒಂದು ಕಡ್ಡಿ ಹೊರಟು ತುದಿಯಲ್ಲಿ ಪುಟ್ಟ ವೃತ್ತ ಇರುತ್ತದೆ. 'ಈ ಸೇವೆ ನಾನು ಕೊಡುತ್ತೇನೆ' ಎಂದು ಅದರ ಅರ್ಥ. ಆರ್ಡರ್ ಭಾಗದಿಂದ ಹೊರಟ ಕಡ್ಡಿಯ ತುದಿಯಲ್ಲಿ ಅರ್ಧವೃತ್ತವಿರುತ್ತದೆ. 'ಈ ಸೇವೆ ನನಗೆ ಬೇಕು' ಎಂದು ಅದರ ಅರ್ಥ. ವೃತ್ತ ಅರ್ಧವೃತ್ತದಲ್ಲಿ ಕೂತರೆ ಜೋಡಣೆ ಪೂರ್ತಿ. ನಾಳೆ ಪೇಮೆಂಟ್ ಕಂಪನಿ ಬದಲಾದರೆ ಆ ವೃತ್ತದ ಹಿಂದಿರುವ ಭಾಗವನ್ನು ಬದಲಿಸಿದರೆ ಸಾಕು. ಆರ್ಡರ್ ಭಾಗ ಮುಟ್ಟಬೇಕಿಲ್ಲ. ಸರ್ವರ್ ಎಷ್ಟಿವೆ, ಎಲ್ಲಿವೆ ಎಂಬ ಮಾತೇ ಇಲ್ಲಿ ಬರುವುದಿಲ್ಲ.

ಡಿಪ್ಲಾಯ್‌ಮೆಂಟ್ ಡಯಾಗ್ರಾಂನಲ್ಲಿ ಇರುವುದು ಘನಾಕೃತಿಯ ನೋಡ್‌ಗಳು. ಎಂಜಿನ್‌ಎಕ್ಸ್ ಇರುವ ಯಂತ್ರ ಒಂದು, ಟಾಮ್‌ಕ್ಯಾಟ್ ಇರುವ ಯಂತ್ರ ಒಂದು, ಪೋಸ್ಟ್‌ಗ್ರೆಸ್ ಇರುವ ಯಂತ್ರ ಒಂದು. ಯಂತ್ರ «device», ಅದರೊಳಗೆ ಓಡುವ ಟಾಮ್‌ಕ್ಯಾಟ್ «executionEnvironment», ಅದರೊಳಗೆ `shop.war` ಆರ್ಟಿಫ್ಯಾಕ್ಟ್. ಆಡುಮಾತಿನಲ್ಲಿ ನಾವು ಯಂತ್ರವನ್ನೂ ತಂತ್ರಾಂಶವನ್ನೂ ಸರ್ವರ್ ಎಂದೇ ಕರೆಯುತ್ತೇವೆ. ಈ ಚಿತ್ರದಲ್ಲಿ ಅವೆರಡನ್ನೂ ಒಂದರೊಳಗೆ ಒಂದಾಗಿ ಬಿಡಿಸಲೇಬೇಕು. ನೋಡ್‌ಗಳ ನಡುವಿನ ಗೆರೆಗೂ ಕಾಂಪೊನೆಂಟ್‌ಗಳ ನಡುವಿನ ಗೆರೆಗೂ ಸಂಬಂಧವಿಲ್ಲ ಎಂಬುದನ್ನು ಗಮನಿಸಬೇಕು. ಕಾಂಪೊನೆಂಟ್ ಚಿತ್ರದ ಗೆರೆ ಯಾರು ಯಾರನ್ನು ನಂಬಿಕೊಂಡಿದ್ದಾರೆ ಎಂದು ಹೇಳುತ್ತದೆ. ಡಿಪ್ಲಾಯ್‌ಮೆಂಟ್ ಚಿತ್ರದ ಗೆರೆ ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಸಂದೇಶ ಹೋಗಲು ದಾರಿ ಇದೆ ಎಂದಷ್ಟೇ ಹೇಳುತ್ತದೆ. ಅದರ ಮೇಲೆ ಬರೆಯುವುದು ಎಚ್‌ಟಿಟಿಪಿಎಸ್‌ನಂಥ ಪ್ರೊಟೊಕಾಲ್. ಆರ್ಡರ್ ಭಾಗ ಪಟ್ಟಿಯ ಭಾಗವನ್ನು ಕರೆಯುವುದು ಒಂದೇ ಪ್ರೊಸೆಸ್‌ನ ಒಳಗೆ, ಹಾಗಾಗಿ ಆ ಕರೆಗೆ ಡಿಪ್ಲಾಯ್‌ಮೆಂಟ್ ಚಿತ್ರದಲ್ಲಿ ಗೆರೆಯೇ ಇಲ್ಲ. ಎಂಜಿನ್‌ಎಕ್ಸ್‌ನಿಂದ ಟಾಮ್‌ಕ್ಯಾಟ್‌ಗೆ ಇರುವ ದಾರಿಗೆ ಕಾಂಪೊನೆಂಟ್ ಚಿತ್ರದಲ್ಲಿ ಜಾಗವಿಲ್ಲ.

ಈಗ ಪುಸ್ತಕ ಮೇಳದ ಸಮಯದಲ್ಲಿ ಗಿರಾಕಿಗಳು ಹೆಚ್ಚಾಗಿ ಎರಡನೆಯ ಟಾಮ್‌ಕ್ಯಾಟ್ ಯಂತ್ರ ಸೇರಿಸಿದರು ಎನ್ನಿ. ಡಿಪ್ಲಾಯ್‌ಮೆಂಟ್ ಚಿತ್ರದಲ್ಲಿ `app1 : AppServer` ಪಕ್ಕಕ್ಕೆ `app2 : AppServer` ಬಂತು. ಕಾಂಪೊನೆಂಟ್ ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ, ಬದಲಾಗಬೇಕಾಗಿಯೂ ಇರಲಿಲ್ಲ. ಎರಡೂ ಚಿತ್ರಗಳು ನಿಯಮದ ಪ್ರಕಾರ ಸರಿಯಾಗಿವೆ. ಆದರೂ ಆ ದಿನದಿಂದ ಗಿರಾಕಿಗಳ ಬುಟ್ಟಿ ಖಾಲಿಯಾಗತೊಡಗುತ್ತದೆ, ಲಾಗಿನ್ ಆದವರು ಮುಂದಿನ ಪುಟದಲ್ಲೇ ಹೊರಬೀಳುತ್ತಾರೆ, ಹೊಸದಾಗಿ ಹಾಕಿದ ಪುಸ್ತಕದ ಮುಖಪುಟದ ಚಿತ್ರ ಒಮ್ಮೆ ಬರುತ್ತದೆ, ಮತ್ತೊಮ್ಮೆ 404 ಬರುತ್ತದೆ.

ಕಾರಣ ಇದು. ಟಾಮ್‌ಕ್ಯಾಟ್ ಬೇರೆ ವ್ಯವಸ್ಥೆ ಮಾಡದಿದ್ದರೆ ಸೆಶನ್ನನ್ನು ತನ್ನದೇ ಯಂತ್ರದ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಎಂಜಿನ್‌ಎಕ್ಸ್ ಬೇರೆ ಸೂಚನೆ ಇಲ್ಲದಿದ್ದರೆ ಬಂದ ವಿನಂತಿಗಳನ್ನು ಸರದಿಯ ಮೇಲೆ ಹಂಚುತ್ತದೆ. ಮೊದಲ ವಿನಂತಿಗೆ ಉತ್ತರ ಕೊಟ್ಟ ಯಂತ್ರ ಬ್ರೌಸರಿಗೆ ಒಂದು `JSESSIONID` ಕುಕಿ ಕೊಡುತ್ತದೆ. ಎರಡನೆಯ ವಿನಂತಿ ಇನ್ನೊಂದು ಯಂತ್ರಕ್ಕೆ ಹೋದಾಗ ಅದಕ್ಕೆ ಆ ಗುರುತು ಗೊತ್ತಿಲ್ಲ. ಹೊಸ ಸೆಶನ್ ತೆರೆದು ಹಳೆಯ ಕುಕಿಯ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಬುಟ್ಟಿ ಹೋಯಿತು. ಮುಖಪುಟದ ಚಿತ್ರವೂ ಅಷ್ಟೇ: ಅಪ್‌ಲೋಡ್ ಆದದ್ದು `app1`ರ ಡಿಸ್ಕಿಗೆ, ಕೇಳಿದ್ದು `app2`ರ ಬಳಿ. ಪತ್ತೆ ಹಚ್ಚಲು ಒಂದು ಯಂತ್ರವನ್ನು ನಿಲ್ಲಿಸಿ ನೋಡಿದರೆ ಸಾಕು. ಬುಟ್ಟಿ ಖಾಲಿಯಾಗುವುದು ನಿಂತರೆ ಕೋಡಿನ ಲೆಕ್ಕಾಚಾರ ಸರಿಯಿದೆ, ತಪ್ಪು ಎರಡು ಚಿತ್ರಗಳ ನಡುವೆ ಇದೆ.

ತಪ್ಪು ಹುಟ್ಟಿದ್ದು ಮಾತ್ರ ಕಾಂಪೊನೆಂಟ್ ಚಿತ್ರದಲ್ಲಿ, ಅದೂ ಬಹಳ ಮೊದಲೇ. ಆರ್ಡರ್ ಭಾಗಕ್ಕೆ ಪೇಮೆಂಟ್ ಬೇಕು ಎಂದು ಅರ್ಧವೃತ್ತ ಬಿಡಿಸಿದವರು, ಅದಕ್ಕೆ ಸೆಶನ್ ಇಡುವ ಜಾಗ ಬೇಕು ಎಂದು ಬಿಡಿಸಲಿಲ್ಲ. ಟಾಮ್‌ಕ್ಯಾಟ್ ತಾನಾಗಿ ಕೊಡುತ್ತಿದ್ದರಿಂದ ಅದೊಂದು ಬೇಡಿಕೆ ಎಂದೇ ಅನಿಸಲಿಲ್ಲ. ಡಿಸ್ಕಿನ ವಿಷಯವೂ ಹಾಗೆಯೇ. ಪ್ಲಾಂಟ್‌ಯುಎಂಎಲ್‌ನಲ್ಲಿ ಬರೆದಿದ್ದರೆ ಅದು ಇಷ್ಟೇ ಕೆಲಸ:

```
@startuml
interface IPayment
interface ISessionStore
interface ICoverStore
IPayment - [PaymentAdapter]
[OrderManager] ..> IPayment : use
[OrderManager] ..> ISessionStore : use
[Catalogue] ..> ICoverStore : use
@enduml
```

ಬಿಡಿಸಿದ ಕೂಡಲೇ `ISessionStore`, `ICoverStore` ಎರಡಕ್ಕೂ ಕೊಡುವವರು ಯಾರೂ ಇಲ್ಲದೆ ನೇತಾಡುವುದು ಕಾಣುತ್ತದೆ. ಆಗ `shop.war` ಮೂರೂ ಕಾಂಪೊನೆಂಟ್‌ಗಳನ್ನು ಹೊತ್ತಿದೆ ಎಂಬ «manifest» ಗೆರೆ ಎಳೆದು, ಆ ಫೈಲಿನ ಎರಡು ಪ್ರತಿ ಎರಡು ನೋಡ್‌ಗಳಲ್ಲಿ ಕೂರುತ್ತವೆ ಎಂದು ನೋಡಿದರೆ ಪ್ರಶ್ನೆ ತಾನಾಗಿ ಏಳುತ್ತದೆ: ಆರ್ಡರ್ ಭಾಗ ಎರಡಾಯಿತು, ಅದು ನೆಚ್ಚಿಕೊಂಡ ಸೆಶನ್ನಿನ ಜಾಗವೂ ಎರಡಾಯಿತೇ, ಅಥವಾ ಒಂದೇ ಉಳಿಯಿತೇ? ಒಂದೇ ಉಳಿಯಬೇಕು ಎಂದಾದರೆ ಸೆಶನ್ನನ್ನು ರೆಡಿಸ್‌ನಂಥ ಬೇರೆ ನೋಡ್‌ಗೂ ಚಿತ್ರಗಳನ್ನು ಎರಡೂ ಯಂತ್ರ ಹಂಚಿಕೊಳ್ಳುವ ಸಂಗ್ರಹಕ್ಕೂ ಒಯ್ಯಬೇಕು. ಎಂಜಿನ್‌ಎಕ್ಸ್‌ನಲ್ಲಿ `ip_hash` ಎಂದು ಬರೆದು ಒಬ್ಬ ಗಿರಾಕಿಯನ್ನು ಒಂದೇ ಯಂತ್ರಕ್ಕೆ ಅಂಟಿಸುವ ಉಪಾಯವೂ ಇದೆ. ಅದು ರೋಗವನ್ನು ಮುಚ್ಚುತ್ತದೆ ಅಷ್ಟೇ. ಆ ಯಂತ್ರ ನಿಂತ ದಿನ ಅದಕ್ಕೆ ಅಂಟಿದವರೆಲ್ಲರ ಬುಟ್ಟಿ ಹೋಗುತ್ತದೆ, ಮುಖಪುಟದ ಚಿತ್ರದ ತೊಂದರೆ ಮೊದಲಿನಂತೆಯೇ ಉಳಿಯುತ್ತದೆ.

ಪರಂಪರೆಯ ಇನ್ನೊಂದು ದೌರ್ಬಲ್ಯ ವೆಬ್‌ಗೇ ವಿಶಿಷ್ಟವಾದದ್ದು. ಯುಎಂಎಲ್‌ನ ದೃಷ್ಟಿಯಲ್ಲಿ ಆರ್ಟಿಫ್ಯಾಕ್ಟ್ ಎಲ್ಲಿ ಕೂರುತ್ತದೋ ಅಲ್ಲಿಯೇ ಓಡುತ್ತದೆ. ವೆಬ್‌ನಲ್ಲಿ ಹಾಗಲ್ಲ. `app.js` ಕೂತಿರುವುದು ಎಂಜಿನ್‌ಎಕ್ಸ್ ಯಂತ್ರದಲ್ಲಿ, ಓಡುವುದು ಗಿರಾಕಿಯ ಫೋನಿನಲ್ಲಿ. ಜಿಮ್ ಕಾನಲೆನ್ ಇದನ್ನು ಬೇಗನೆ ಗುರುತಿಸಿದ್ದರು. 1999ರ ತಮ್ಮ ಪುಸ್ತಕದಲ್ಲಿ ಅವರು ಒಂದೇ ವೆಬ್ ಪುಟವನ್ನು ಸರ್ವರಿನ ಪುಟ, ಕ್ಲೈಂಟಿನ ಪುಟ ಎಂದು ಎರಡಾಗಿ ಒಡೆದು, ಮೊದಲನೆಯದು ಎರಡನೆಯದನ್ನು ಕಟ್ಟುತ್ತದೆ ಎಂದು «builds» ಗೆರೆ ಎಳೆದರು. ಒಳನೋಟ ಸರಿಯಾಗಿತ್ತು, ಆದರೆ ಅದನ್ನು ಅವರು ಕ್ಲಾಸ್‌ಗಳ ಮಟ್ಟದಲ್ಲಿ ಬಿಡಿಸಿದರು. ಡಿಪ್ಲಾಯ್‌ಮೆಂಟ್ ಚಿತ್ರಕ್ಕೆ ಅದು ಇಳಿಯಲಿಲ್ಲ. ಇಂದಿಗೂ ಬಹಳ ಚಿತ್ರಗಳಲ್ಲಿ ಬ್ರೌಸರ್ ನೋಡ್ ಖಾಲಿಯಾಗಿ ನಿಂತಿರುತ್ತದೆ. ಬೆಲೆಯ ಲೆಕ್ಕ, ರಿಯಾಯಿತಿಯ ಪರಿಶೀಲನೆ ಆ ಖಾಲಿ ನೋಡ್‌ನಲ್ಲಿ ಓಡುತ್ತಿದ್ದರೆ ಗಿರಾಕಿ ಅದನ್ನು ತಿದ್ದಬಲ್ಲ ಎಂಬ ಅಪಾಯ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ನಾನು ಬಿಡಿಸುವಾಗ ಬ್ರೌಸರ್ ನೋಡ್ ಒಳಗೂ `app.js` ಬರೆದು, ಅಲ್ಲಿಂದ ಸರ್ವರಿನಲ್ಲಿರುವ ಪ್ರತಿಗೆ ಒಂದು ಅವಲಂಬನೆಯ ಗೆರೆ ಎಳೆಯುತ್ತೇನೆ. ಇದಕ್ಕೆಂದೇ ಗೊತ್ತುಪಡಿಸಿದ ಗುರುತಿಲ್ಲ ನಿಜ, ಆದರೆ ಓದುವವರಿಗೆ ಸತ್ಯ ತಿಳಿಯುತ್ತದೆ.

ಡಾಕರ್, ಕ್ಲೌಡ್ ಬಂದ ಮೇಲೆ ಡಿಪ್ಲಾಯ್‌ಮೆಂಟ್ ಡಯಾಗ್ರಾಂ ಹಳತಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಂತ್ರದೊಳಗೆ ಕಂಟೈನರ್, ಕಂಟೈನರಿನೊಳಗೆ ಟಾಮ್‌ಕ್ಯಾಟ್ ಎಂಬ ಜೋಡಣೆಗೆ ಒಂದರೊಳಗೆ ಒಂದು ಕೂರುವ ನೋಡ್‌ಗಳು ಚೆನ್ನಾಗಿ ಹೊಂದುತ್ತವೆ. ಯಂತ್ರಗಳ ಸಂಖ್ಯೆ ಗಂಟೆಗೊಮ್ಮೆ ಬದಲಾಗುವಲ್ಲಿ ಹೆಸರು ಹಿಡಿದು ಒಂದೊಂದನ್ನೂ ಬಿಡಿಸುವುದು ವ್ಯರ್ಥ. ಅಲ್ಲಿ ಒಂದೇ ನೋಡ್ ಬಿಡಿಸಿ `2..6` ಎಂದು ಬರೆಯುವುದು ಸರಿ. ಸೈಮನ್ ಬ್ರೌನ್ ಅವರ ಸಿ4 ಮಾದರಿ ಯುಎಂಎಲ್‌ನ ಬಹಳಷ್ಟು ಗುರುತುಗಳನ್ನು ಬಿಟ್ಟರೂ ಡಿಪ್ಲಾಯ್‌ಮೆಂಟ್ ಚಿತ್ರವನ್ನು ಉಳಿಸಿಕೊಂಡಿದೆ. ಅದರಲ್ಲಿ ಬೇರೆಯಾಗಿ ಓಡುವ ಪ್ರತಿ ಭಾಗವೂ ತನ್ನ ಹೆಸರಿನ ಸಮೇತ ನೋಡ್ ಒಳಗೆ ಬಂದು ಕೂರುವುದರಿಂದ, ಯುಎಂಎಲ್‌ನಲ್ಲಿ ಬಿಟ್ಟುಹೋಗುವ ಆ ಜೋಡಣೆ ಅಲ್ಲಿ ಹೇಗೋ ಉಳಿಯುತ್ತದೆ. ಅದರ ಜನಪ್ರಿಯತೆಗೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಆದರೆ ಕೊಡುವ ವೃತ್ತ, ಬೇಡುವ ಅರ್ಧವೃತ್ತ ಎಂಬ ಯುಎಂಎಲ್‌ನ ಭೇದ ಅಲ್ಲಿಲ್ಲ. ನಮ್ಮ ಪುಸ್ತಕದಂಗಡಿಯ ಸೆಶನ್ ತಪ್ಪನ್ನು ಕಾಣಿಸಿಕೊಟ್ಟದ್ದು ಆ ಭೇದವೇ ಆದ್ದರಿಂದ ಅದನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ಈ ಪಾಠ ಮಾಡುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ವಿದ್ಯಾರ್ಥಿ ಎರಡೂ ಚಿತ್ರ ಬಿಡಿಸಿ ತಂದಾಗ ಗುರುತುಗಳು ಸರಿಯಿವೆಯೇ ಎಂದು ನೋಡಿ ರೆಕಾರ್ಡಿಗೆ ಸಹಿ ಹಾಕಿಬಿಡಬೇಡಿ. ಅಪ್ಲಿಕೇಶನ್ ಸರ್ವರ್ ಇನ್ನೊಂದು ಸೇರಿಸು ಎಂದು ಹೇಳಿ. ಯಾವ ಕಾಂಪೊನೆಂಟ್ ಎರಡಾಯಿತು, ಅದಕ್ಕೆ ಬೇಕಾದ ಯಾವ ಇಂಟರ್‌ಫೇಸ್ ಒಂದೇ ಉಳಿಯಬೇಕು ಎಂದು ಕೇಳಿ. ಉತ್ತರ ಹೇಳಲು ಅವರು «manifest» ಗೆರೆಯನ್ನು ಎಳೆಯಲೇಬೇಕಾಗುತ್ತದೆ.