ರೆಪೊ ದರ ತೊಗರಿಗೆ ತಟ್ಟಿತೇ?

ಉದಯೋನ್ಮುಖ ದೇಶಗಳ ಹಣದುಬ್ಬರ ಗುರಿಯ ಮೇಲೆ ಪಿಎಚ್‌.ಡಿ. ಮಾಡಹೊರಟವರ ಪ್ರಸ್ತಾವಗಳು ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ: ಗುರಿ ಇಟ್ಟುಕೊಂಡ ಮೇಲೆ ಬೆಲೆಯೇರಿಕೆ ತಗ್ಗಿತೇ? ಭಾರತದ ಮಟ್ಟಿಗೆ ಉತ್ತರವೂ ಸಿದ್ಧವಾಗಿರುತ್ತದೆ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆ ತಿದ್ದುಪಡಿಯಾಯಿತು, ಶೇ 4ರ ಗುರಿ ಬಂತು, ಅದರ ಆಚೀಚೆ ಶೇ 2ರ ಅವಕಾಶ ಸಿಕ್ಕಿತು. ಅದಕ್ಕೆ ಮೊದಲು ಶೇ 10ರ ಆಸುಪಾಸಿನಲ್ಲಿದ್ದ ಹಣದುಬ್ಬರ ಅರ್ಧಕ್ಕಿಳಿಯಿತು. ಆದ್ದರಿಂದ ಗುರಿ ಗೆದ್ದಿತು. ಈ ‘ಆದ್ದರಿಂದ’ವನ್ನು ನಾನು ಒಪ್ಪುವುದಿಲ್ಲ.

ಮೊದಲ ತಕರಾರು ತಾರೀಕಿನದು. ಊರ್ಜಿತ್ ಪಟೇಲ್ ಸಮಿತಿಯ ವರದಿ ಬಂದದ್ದು 2014ರ ಜನವರಿಯಲ್ಲಿ, ಸರ್ಕಾರ ಮತ್ತು ರಿಸರ್ವ್ ಬ್ಯಾಂಕಿನ ಒಪ್ಪಂದ 2015ರ ಫೆಬ್ರುವರಿಯಲ್ಲಿ, ಹಣಕಾಸು ನೀತಿ ಸಮಿತಿ ಮೊದಲ ಸಲ ಸೇರಿದ್ದು 2016ರ ಅಕ್ಟೋಬರಿನಲ್ಲಿ. ಬೆಲೆಯೇರಿಕೆ ಬಹುಪಾಲು ತಗ್ಗಿದ್ದು ಈ ಸಮಿತಿ ಸೇರುವುದಕ್ಕೂ ಮೊದಲೇ; 2014ರ ನಡುವೆ ನೂರು ಡಾಲರಿನ ಮೇಲಿದ್ದ ಕಚ್ಚಾತೈಲ ಮರುವರ್ಷದ ಆರಂಭಕ್ಕೆ ಐವತ್ತರ ಕೆಳಗೆ ಬಿದ್ದಿತ್ತು. ಸಮಿತಿ ಸೇರಿದ ಮರುತಿಂಗಳೇ ನೋಟು ರದ್ದತಿ ಬೇರೆ. ಹೀಗಿರುವಾಗ ‘ಮುಂಚೆ’ ಮತ್ತು ‘ನಂತರ’ದ ಗೆರೆ ಎಲ್ಲಿ ಎಳೆಯುವುದು? ಬಾಲ್ ಮತ್ತು ಶೆರಿಡನ್ ಮುಂದುವರಿದ ದೇಶಗಳನ್ನಿಟ್ಟುಕೊಂಡು ತೋರಿಸಿದ್ದೂ ಇಂಥದ್ದನ್ನೇ: ಬೆಲೆಯೇರಿಕೆ ಅತಿಯಾಗಿದ್ದ ದೇಶಗಳೇ ಗುರಿಯ ಮೊರೆ ಹೋಗುತ್ತವೆ, ಅತಿಯಾದದ್ದು ಹೇಗಿದ್ದರೂ ಸರಾಸರಿಯತ್ತ ಇಳಿಯುತ್ತದೆ. ಉದಯೋನ್ಮುಖ ದೇಶಗಳಿಗೆ ಗುರಿಯಿಂದ ಲಾಭವಾಯಿತೆಂದು ಆಮೇಲೆ ಬಂದ ಕೆಲವು ಅಧ್ಯಯನಗಳು ವಾದಿಸಿವೆ, ಇನ್ನು ಕೆಲವು ಅಲ್ಲಗಳೆದಿವೆ. ಆ ಸಾಲಿಗೆ ಮತ್ತೊಂದನ್ನು ಸೇರಿಸಿದರೆ ಪದವಿ ಸಿಗಬಹುದು, ತಿಳಿವಳಿಕೆ ಹೆಚ್ಚುವುದಿಲ್ಲ.

ಎರಡನೆಯ ತಕರಾರಿಗೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರಿನಿಂದ ನೋಡಬೇಕು. ಇಲ್ಲಿನ ರೈತ ತೊಗರಿ ಮಾರುತ್ತಾನೆ, ಕೂಲಿಯವರು ಅದರ ಬೇಳೆ ಕೊಳ್ಳುತ್ತಾರೆ. 2022ರ ಮುಂಗಾರಿನಲ್ಲಿ ಕಲ್ಯಾಣ ಕರ್ನಾಟಕದ ತೊಗರಿಗೆ ನೆಟೆ ರೋಗ ಬಡಿಯಿತು. ಅದೇ ವರ್ಷದ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಒಯ್ದಿತು, ಆಮೇಲೆ ಎರಡು ವರ್ಷ ಅದನ್ನು ಅಲುಗಿಸಲಿಲ್ಲ. ಆ ಎರಡು ವರ್ಷದಲ್ಲಿ ಬೇಳೆಕಾಳುಗಳ ಚಿಲ್ಲರೆ ಹಣದುಬ್ಬರ ಶೇ 20 ದಾಟಿ, ಮತ್ತೆ ಶೇ 3ರ ಕೆಳಗೆ ಬಂತು. ದರ ನಿಂತಲ್ಲೇ ನಿಂತಿತ್ತು, ಬೆಲೆ ಮಾತ್ರ ಹತ್ತಿ ಇಳಿಯಿತು. ಇಳಿಸಿದ್ದು ದಾಸ್ತಾನು ಮಿತಿ, ಸುಂಕವಿಲ್ಲದ ಆಮದು, ಆಮೇಲಿನ ಒಳ್ಳೆಯ ಬೆಳೆ. ಇನ್ನು ಬೆಳೆಸಾಲ? ಸಹಕಾರ ಸಂಘದಲ್ಲಿ ಅದು ಶೂನ್ಯ ಬಡ್ಡಿಯದು. ರೆಪೊ ಅದನ್ನು ಮುಟ್ಟುವುದೇ ಇಲ್ಲ. ಇತ್ತ 2012 ಆಧಾರ ವರ್ಷದ ಸೂಚ್ಯಂಕದಲ್ಲಿ ಗ್ರಾಮೀಣ ಬುಟ್ಟಿಯ ಶೇ 54ರಷ್ಟು ಆಹಾರ ಮತ್ತು ಪಾನೀಯವೇ.

ಗುರಿಯ ಪಕ್ಷದವರ ಮರುಮಾತು ಗಟ್ಟಿಯಾಗಿದೆ, ಅದನ್ನು ತಳ್ಳಿಹಾಕಬಾರದು. ದರ ಏರಿಸುವುದು ತೊಗರಿ ಬೆಳೆಯಲಿಕ್ಕಲ್ಲ, ತೊಗರಿಯ ಏರಿಕೆ ಕೂಲಿಗೂ ಮಿಕ್ಕ ಸರಕುಗಳಿಗೂ ಹಬ್ಬದಂತೆ ತಡೆಯಲಿಕ್ಕೆ ಎನ್ನುತ್ತಾರೆ ಅವರು. ಹಾಗಾದರೆ ಪರೀಕ್ಷಿಸಬೇಕಾದದ್ದು ಈ ಹಬ್ಬುವಿಕೆಯನ್ನೇ. ನಾನು ಬರೆಯುವ ಸಂಶೋಧನಾ ಪ್ರಶ್ನೆ ಇದು: ಆಹಾರದ ಬೆಲೆ ಜಿಗಿದಾಗ ಅದು ಗ್ರಾಮೀಣ ಕೂಲಿಗೂ, ಆಹಾರ-ಇಂಧನ ಬಿಟ್ಟುಳಿದ ಬೆಲೆಗಳಿಗೂ ದಾಟುವ ಪ್ರಮಾಣ ಗುರಿ ಬಂದ ಮೇಲೆ ಕಡಿಮೆಯಾಯಿತೇ?

ದತ್ತಾಂಶ ಕೈಗೆಟಕುವಂಥದ್ದೇ. ರಾಯಚೂರು ಎಪಿಎಂಸಿಯ ದಿನದ ಧಾರಣೆ ಮತ್ತು ಆವಕ ಅಗ್‌ಮಾರ್ಕ್‌ನೆಟ್‌ನಲ್ಲಿದೆ, ಸೂಚ್ಯಂಕ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯದು, ತಿಂಗಳ ಗ್ರಾಮೀಣ ಕೂಲಿ ಕಾರ್ಮಿಕ ಬ್ಯೂರೊದ್ದು, ಮಳೆ ಲೆಕ್ಕ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಮಳೆ ಇಲ್ಲಿ ಅಲಂಕಾರಕ್ಕಲ್ಲ. ಬೇಡಿಕೆ ಹೆಚ್ಚಿದರೂ ಬೆಲೆ ಏರುತ್ತದೆ. ಬರೀ ಬೆಲೆಯನ್ನು ಆಘಾತವೆಂದು ಹಿಡಿದರೆ ಕೂಲಿ ಬೆಲೆಯನ್ನು ಎತ್ತಿತೋ, ಬೆಲೆ ಕೂಲಿಯನ್ನೋ ಹೇಳಲಾಗದು. ಮಳೆಯ ಏರುಪೇರಿನಿಂದಾದ ಬೆಲೆಯ ಭಾಗವನ್ನಷ್ಟೇ ಬೇರ್ಪಡಿಸಿ, ಅದು ಒಂದು, ಮೂರು, ಆರು, ಹನ್ನೆರಡು ತಿಂಗಳ ನಂತರ ಕೂಲಿಯಲ್ಲಿ ಎಷ್ಟು ಕಾಣುತ್ತದೆಂದು ಪ್ರತ್ಯೇಕವಾಗಿ ಅಳೆಯಬೇಕು. ಜೋರ್ಡಾ ಅವರ ಲೋಕಲ್ ಪ್ರೊಜೆಕ್ಷನ್ ವಿಧಾನ ಇದಕ್ಕೆ ಸಾಕು. ಅದೇ ಲೆಕ್ಕವನ್ನು 1999ರಲ್ಲಿ ಗುರಿ ಇಟ್ಟ ಬ್ರೆಜಿಲ್ ಮತ್ತು 2000ದಲ್ಲಿ ಇಟ್ಟ ದಕ್ಷಿಣ ಆಫ್ರಿಕಾದ ಜೊತೆ ಹೋಲಿಸಬಹುದು.

ಒಂದು ದಾರಿಯನ್ನಂತೂ ಬಿಡುವಂತಿಲ್ಲ. ದೇವದುರ್ಗದ ಕಡೆಯವರು ಗುಳೆ ಹೋಗುವುದು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಗೃಹಸಾಲದ ಬಡ್ಡಿ ಏರಿ ಕಟ್ಟಡಗಳು ನಿಧಾನವಾದರೆ ಅವರು ಊರಿಗೆ ಮರಳುತ್ತಾರೆ, ಹತ್ತಿ ಬಿಡಿಸಲು ಆಳುಗಳು ಹೆಚ್ಚುತ್ತಾರೆ, ಕಿಲೋ ಲೆಕ್ಕದ ಕೂಲಿ ಏರದೆ ನಿಲ್ಲುತ್ತದೆ. ಹಾಗೇನಾದರೂ ಕಂಡರೆ ಗುರಿ ಕೆಲಸ ಮಾಡಿದೆ ಎಂದೇ ಬರೆಯಬೇಕು, ಅದರ ಬೆಲೆ ತೆತ್ತವರು ಯಾರೆಂಬುದನ್ನೂ ಸೇರಿಸಿ.

ತೊಡಕು ಇರುವುದು ಕೂಲಿ ಅಂಕಿಗಳಲ್ಲಿ. ಕಾರ್ಮಿಕ ಬ್ಯೂರೊ 2013ರ ನವೆಂಬರಿನಿಂದ ಕೆಲಸಗಳ ವರ್ಗೀಕರಣವನ್ನೇ ಬದಲಿಸಿತು. ಹಾಗಾಗಿ 2016ಕ್ಕೆ ಮುಂಚಿನ ಒಂದೇ ತೆರನ ಅಂಕಿ ಮೂರು ವರ್ಷದ್ದೂ ಇಲ್ಲ. ಮೇಲಾಗಿ ಅಲ್ಲಿ ಪ್ರಕಟವಾಗುವುದು ರಾಜ್ಯದ ಸರಾಸರಿ, ಅದರಲ್ಲಿ ದೇವದುರ್ಗ ಕಾಣುವುದಿಲ್ಲ. ಹತ್ತಿ ಬಿಡಿಸಿದ ಕೂಲಿಯನ್ನು ರೈತರು ಬರೆದಿಟ್ಟ ಹಳೆಯ ಲೆಕ್ಕದ ಪುಸ್ತಕಗಳಿಂದ ವರ್ಷವಾರು ಕಲೆಹಾಕದೆ ಈ ಪ್ರಸ್ತಾವ ಮುಂದೆ ಸಾಗದು.