ರೆಸ್ಯೂಮೆಯಲ್ಲಿ ಆ ನಾಲ್ಕು ವರ್ಷ

ಮಗುವಿಗಾಗಿಯೋ ಹಾಸಿಗೆ ಹಿಡಿದ ಹಿರಿಯರಿಗಾಗಿಯೋ ಕೆಲಸ ಬಿಟ್ಟವರು ಮತ್ತೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಆ ವರ್ಷಗಳನ್ನು ಮುಚ್ಚಿಡುತ್ತಾರೆ: ಇಸವಿಗಳನ್ನು ತೆಗೆದುಹಾಕುತ್ತಾರೆ, ಇಲ್ಲವೇ ಪರಿಚಯದವರ ಕಂಪನಿಯಲ್ಲಿ ಕನ್ಸಲ್ಟೆಂಟ್ ಆಗಿದ್ದೆ ಎಂದು ತುಂಬಿಸುತ್ತಾರೆ. ಇನ್ನು ಕೆಲವರು ಮನೆವಾರ್ತೆಯನ್ನೇ ಹುದ್ದೆಯಂತೆ ಬರೆದು, ಅದರ ಕೆಳಗೆ ಸಮಯ ಪಾಲನೆ, ಬಜೆಟ್ ನಿರ್ವಹಣೆ ಎಂದು ಕೌಶಲಗಳ ಪಟ್ಟಿ ಕೊಡುತ್ತಾರೆ. ನನ್ನ ದೃಷ್ಟಿಯಲ್ಲಿ ಎರಡೂ ಸೋಲುವ ದಾರಿಗಳೇ. ಆದರೆ ಸೋಲಿನ ಕಾರಣ ಬೇರೆ ಬೇರೆ.

ಮುಚ್ಚಿಡುವುದು ಸೋಲುವುದು ದಾಖಲೆಗಳ ಮುಂದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಆಯ್ಕೆಯಾದ ಮೇಲೆ ಹಿನ್ನೆಲೆ ಪರಿಶೀಲನೆ ಇದ್ದೇ ಇರುತ್ತದೆ. ರಿಲೀವಿಂಗ್ ಲೆಟರ್, ಫಾರ್ಮ್ 16, ಸಂಬಳದ ಚೀಟಿ ಕೇಳುತ್ತಾರೆ. ಪಿಎಫ್‌ನ ಯುಎಎನ್ ಖಾತೆಯಲ್ಲಂತೂ ಯಾವ ಕಂಪನಿಗೆ ಎಂದು ಸೇರಿದಿರಿ, ಎಂದು ಬಿಟ್ಟಿರಿ ಎಂಬುದು ಸಾಲಾಗಿ ಇರುತ್ತದೆ. ಇಲ್ಲದ ಕೆಲಸ ಸಿಕ್ಕಿಬೀಳುವುದು ಇಲ್ಲೇ. ಬಿಡುವಿದ್ದ ಕಾರಣಕ್ಕೆ ತಪ್ಪದಿದ್ದ ಕೆಲಸ ಸುಳ್ಳಿನ ಕಾರಣಕ್ಕೆ ತಪ್ಪಿಹೋಗುತ್ತದೆ.

ಮನೆವಾರ್ತೆಯನ್ನು ಹುದ್ದೆಯಾಗಿ ಬರೆಯುವುದು ಸೋಲುವುದು ಓದುವವರ ಅನುಮಾನದ ಮುಂದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕೇಟ್ ವೈಸ್‌ಹಾರ್ 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಕಾಲ್ಪನಿಕ ರೆಸ್ಯೂಮೆಗಳನ್ನು ನಿಜವಾದ ಹುದ್ದೆಗಳಿಗೆ ಕಳಿಸಿದ್ದರು. ಕೆಲಸದಲ್ಲಿದ್ದ ತಾಯಂದಿರಲ್ಲಿ ಸುಮಾರು ನೂರಕ್ಕೆ 15 ಮಂದಿಗೆ ಕರೆ ಬಂತು, ಕೆಲಸ ಕಳೆದುಕೊಂಡವರಲ್ಲಿ ಸುಮಾರು 10 ಮಂದಿಗೆ, ಮಕ್ಕಳಿಗಾಗಿ ಮನೆಯಲ್ಲಿ ಉಳಿದವರಲ್ಲಿ ಸುಮಾರು 5 ಮಂದಿಗೆ ಮಾತ್ರ. ತಂದೆಯರ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಹೊರಗಿದ್ದ ಅವಧಿ ಒಂದೇ ಆಗಿದ್ದರೂ, ತಾವಾಗಿ ಬಿಟ್ಟವರಿಗೆ ಕೆಲಸದ ಮೇಲೆ ನಿಷ್ಠೆ ಕಡಿಮೆ ಎಂದು ಓದುವವರು ಭಾವಿಸುತ್ತಾರೆ. ಇದು ಅನ್ಯಾಯ. ಆದರೆ ಅನುಮಾನ ಎಲ್ಲಿದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಈಕೆ ನಿಲ್ಲುತ್ತಾಳೆಯೇ ಎಂಬ ಪ್ರಶ್ನೆಗೆ ಬಜೆಟ್ ನಿರ್ವಹಣೆ ಉತ್ತರವಲ್ಲ.

ಹಾಗಾದರೆ ಕಾರಣವನ್ನೇ ಹೇಳದಿರುವುದು ಒಳ್ಳೆಯದೇ? ಜೋನಿ ಹರ್ಷ್ ಮತ್ತು ಜೆನಿಫರ್ ಶಿನಾಲ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲ ಎನ್ನುತ್ತದೆ. ಕಾಲ್ಪನಿಕ ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಲು ಕೇಳಿದಾಗ, ಬಿಡುವಿನ ಕಾರಣ ಹೇಳಿದ ಮಹಿಳೆಯರಿಗೆ ಹೇಳದವರಿಗಿಂತ ಸ್ಪಷ್ಟವಾಗಿ ಹೆಚ್ಚು ಒಲವು ಸಿಕ್ಕಿತು. ಗೊತ್ತಿರುವ ಕಾರಣಕ್ಕಿಂತ ಗೊತ್ತಿಲ್ಲದ ಕಾರಣ ಹೆಚ್ಚು ಹೆದರಿಸುತ್ತದೆ. ಎರಡು ಅಧ್ಯಯನಗಳನ್ನು ಸೇರಿಸಿ ಓದಿದರೆ ನನಗೆ ಕಾಣುವುದು ಇಷ್ಟು: ಕಾರಣ ಹೇಳಬೇಕು, ಆದರೆ ಕಾರಣಕ್ಕೇ ನಿಲ್ಲಬಾರದು.

ಒಂದು ಉದಾಹರಣೆ ಊಹಿಸೋಣ. ಆರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ ಒಬ್ಬಾಕೆ ಮಗಳು ಹುಟ್ಟಿದ ಮೇಲೆ 2019ರಲ್ಲಿ ಕೆಲಸ ಬಿಟ್ಟರು. ಮರಳಬೇಕು ಎನ್ನುವಾಗ ಮಾವನವರಿಗೆ ಪಾರ್ಶ್ವವಾಯು ಹೊಡೆಯಿತು. 2023ರಲ್ಲಿ ಬರೆದ ಮೊದಲ ಕರಡಿನ ಸಾಲು ಹೀಗಿತ್ತು: ‘ಅನಿವಾರ್ಯ ಕೌಟುಂಬಿಕ ಕಾರಣಗಳಿಂದ ವೃತ್ತಿಯಿಂದ ದೂರ ಉಳಿಯಬೇಕಾಯಿತು.’ ಇದರಲ್ಲಿ ಕ್ಷಮೆ ಕೇಳುವ ದನಿಯಿದೆ, ಮಾಹಿತಿಯಿಲ್ಲ. ಆ ಅನಿವಾರ್ಯ ಮುಗಿಯಿತೇ ಎಂಬುದೂ ತಿಳಿಯುವುದಿಲ್ಲ. ತಿದ್ದಿದ ಸಾಲು: ‘ಜೂನ್ 2019–ಮೇ 2023: ಮಗು ಮತ್ತು ಹಿರಿಯರ ಪೂರ್ಣಾವಧಿ ಆರೈಕೆ. ಈಗ ಪೂರ್ಣಾವಧಿ ಕೆಲಸಕ್ಕೆ ಲಭ್ಯ.’ ಇದು ಹಿಂದಿನ ಕೆಲಸಗಳ ಜೊತೆಯೇ, ಇಸವಿಯ ಕ್ರಮದಲ್ಲಿ, ಅದೇ ಅಕ್ಷರದಲ್ಲಿ ಇರಬೇಕು. ಕಾಯಿಲೆಯ ಹೆಸರು, ಮಗಳ ವಯಸ್ಸು ಬೇಡ.

ಇದರ ಕೆಳಗಿನ ಸಾಲಿಗೇ ಹೆಚ್ಚು ತೂಕ. ಆಕೆಗೆ ಗೊತ್ತಿದ್ದ ಟೆಸ್ಟಿಂಗ್ ಸಾಧನ ಸೆಲೆನಿಯಮ್. ಪ್ಲೇರೈಟ್ ಬಂದದ್ದು 2020ರಲ್ಲಿ, ಆಕೆ ಮನೆಯಲ್ಲಿದ್ದಾಗ. ‘ಪ್ಲೇರೈಟ್ ಕಲಿತಿದ್ದೇನೆ’ ಎಂದರೆ ಯಾರೂ ನಂಬಬೇಕಿಲ್ಲ. ಒಂದು ಸಾರ್ವಜನಿಕ ಜಾಲತಾಣದ ಲಾಗಿನ್, ಹುಡುಕಾಟ, ಪಾವತಿ ಪುಟಗಳಿಗೆ ಪರೀಕ್ಷೆಗಳನ್ನು ಬರೆದು ಗಿಟ್‌ಹಬ್‌ನಲ್ಲಿಟ್ಟು ಕೊಂಡಿ ಕೊಟ್ಟರೆ, ಸಂದರ್ಶಕರು ತೆರೆದು ನೋಡಬಹುದು. ಅನುಭವ ಹಳತಾಗಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರುತ್ತದೆ.

ಸಂದರ್ಶನದಲ್ಲೂ ಇದೇ ಕ್ರಮ ಸಾಕು: ಏಕೆ ಬಿಟ್ಟೆ, ಈಗ ಮನೆಯ ವ್ಯವಸ್ಥೆ ಆಗಿದೆ, ಇದು ನನ್ನ ಇತ್ತೀಚಿನ ಕೆಲಸ. ಮೂರು ವಾಕ್ಯ ಹೇಳಿ ಮಾತನ್ನು ಹುದ್ದೆಯ ಕಡೆ ತಿರುಗಿಸಬೇಕು. ಉತ್ತರ ಉದ್ದವಾದಷ್ಟೂ ಬಿಡುವೇ ಚರ್ಚೆಯ ವಿಷಯವಾಗುತ್ತದೆ.

ರೆಸ್ಯೂಮೆಯ ಆ ತಿದ್ದಿದ ಸಾಲಿಗೂ ಮಿತಿಯಿದೆ. ‘ಎರಡು ವರ್ಷಕ್ಕಿಂತ ಹೆಚ್ಚು ಬಿಡುವಿರಬಾರದು’ ಎಂದು ಮೊದಲೇ ಸೋಸುವ ಕಡೆ ಎಷ್ಟು ಚೆನ್ನಾಗಿ ಬರೆದರೂ ರೆಸ್ಯೂಮೆಯನ್ನು ಯಾರೂ ಓದುವುದಿಲ್ಲ. ಅಲ್ಲಿ ಹಳೆಯ ಸಹೋದ್ಯೋಗಿಯ ಶಿಫಾರಸು, ಅಥವಾ ಇನ್ಫೋಸಿಸ್, ಟಾಟಾದಂಥ ಸಂಸ್ಥೆಗಳು ಮರಳುವವರಿಗೆಂದೇ ರೂಪಿಸಿದ ಯೋಜನೆಗಳೇ ಬಾಗಿಲು. ತಿದ್ದಿಕೊಳ್ಳಬೇಕಾದದ್ದು ಆ ಸೋಸುವ ನಿಯಮ. ಅದಕ್ಕೆ ಹೆದರಿ ಅಭ್ಯರ್ಥಿ ತನ್ನ ಇಸವಿಗಳನ್ನು ತಿದ್ದಬೇಕಿಲ್ಲ.